ಅತ್ತೆಗೆ ಮಾತ್ರ ಕೇಳಿಸಿದ ಚಿತ್ರ

"ಎಲ್ಲಾ ಹೇಳಿದ ಹಾಗಿರಬೇಕು, ಏನೂ ಹೇಳಿರಬಾರದು. ಅದನ್ನ ಹೇಗಪ್ಪಾ ಬರೆಯೋದು?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಗೆಲ್ಲ ಸ್ಪಂಜು ಹೊದಿಸಿದ, ಕಿಟಕಿಯಿಲ್ಲದ ಆ ಪುಟ್ಟ ಕೋಣೆಯಲ್ಲಿ ಒಂದು ಮೇಜು, ಒಂದು ಮೈಕು, ಮಗ್ಗುಲಲ್ಲಿ ತೆರೆದಿಟ್ಟ ಏಳನೇ ತರಗತಿಯ ವಿಜ್ಞಾನ ಪುಸ್ತಕ. ಆದರೆ ಯಾರನ್ನು ಕೇಳಿದ್ದು ಅನ್ನುವ ವಿಚಾರ ಮೈಕಿಗೆ ಗೊತ್ತಾಗುವುದಿಲ್ಲವಲ್ಲ. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನವನು ಕಿವಿಯ ಮೇಲಿನ ಹೆಡ್‌ಫೋನನ್ನು ಸರಿಮಾಡಿಕೊಂಡು ಕೇಳಿದ, "ಮೇಡಂ, ಇದು ಪಾಠದಲ್ಲಿದೆಯಾ? ಇಟ್ಕೊಳ್ಳಲಾ, ಅಳಿಸಲಾ?"

"ಅಳಿಸಿ," ಅಂದಳು ಗಿಣಿ.

ಗಿಣಿ ಅನ್ನುವುದು ಮನೆಯವರು ಇಟ್ಟ ಹೆಸರು. ಇಡೀ ದಿನ ಓದುವುದೇ ಅವಳ ಕೆಲಸ. ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಧ್ವನಿಯಲ್ಲಿ ಮಾಡಿಡುವ ಸಂಸ್ಥೆ ಅದು. ಓದುವುದೇನೋ ಸುಲಭ. ಕಷ್ಟವೆಲ್ಲ ಚಿತ್ರಗಳದ್ದು. ಪುಸ್ತಕದಲ್ಲಿ "ಮೇಲಿನ ಚಿತ್ರ ನೋಡಿ" ಅಂತ ಬಂದರೆ, ನೋಡಲಾಗದವರ ಮುಂದೆ ಆ ಚಿತ್ರವನ್ನು ಮಾತಲ್ಲೇ ಬಿಡಿಸಬೇಕು. ಎಡದಿಂದ ಶುರು ಮಾಡಬೇಕು. ದೊಡ್ಡದನ್ನು ಮೊದಲು ಹೇಳಿ ಆಮೇಲೆ ಚಿಕ್ಕದಕ್ಕೆ ಬರಬೇಕು. ಕಂಡದ್ದನ್ನು ಬಿಡಬಾರದು, ಕಾಣದ್ದನ್ನು ಸೇರಿಸಬಾರದು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿ ಮಾಡಿ, ಬಸ್ಸಿನಲ್ಲಿ ಕೂತರೂ ಎದುರು ಸೀಟಿನವರನ್ನು ಮನಸ್ಸಿನಲ್ಲೇ ಎಡದಿಂದ ಬಲಕ್ಕೆ ಹೇಳಿಕೊಂಡು ಹೋಗುವ ಚಾಳಿ ಅಂಟಿತ್ತು.

ಈಗ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಮೂವತ್ತೇಳನೆಯ ವಯಸ್ಸಿಗೆ. ಅದನ್ನು ನೆಂಟರಿಷ್ಟರಿಗೆಲ್ಲ ತಿಳಿಸುವ ನಾಲ್ಕು ಸಾಲು ಬರೆಯಬೇಕಿತ್ತು, ಒಂದು ಫೋಟೋದ ಕೆಳಗೆ.

ಗಂಡು ಗಡಿಯಾರ ರಿಪೇರಿಯವರು. ಮೂರು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡವರು, ಎಂಟು ವರ್ಷದ ಮಗಳ ತಂದೆ. ಮಗಳಿಗೆ ಎಲ್ಲ ಗೊತ್ತು. ಗೊತ್ತು ಅನ್ನುವುದೇನು, ಮೊದಲು ಒಪ್ಪಿದ್ದೇ ಅವಳು. ಗೊತ್ತಿಲ್ಲದ್ದು ಒಬ್ಬರಿಗೇ, ತೀರಿಹೋದವಳ ತಾಯಿಗೆ. ಆ ಮುದುಕಮ್ಮನಿಗೆ ಕಳೆದ ಭಾನುವಾರವಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಒಂದು ವಾರ ಕಣ್ಣಿಗೆ ನೀರು ತಾಕಬಾರದು, ಕಣ್ಣು ಉಜ್ಜಬಾರದು ಅಂತ ಡಾಕ್ಟರು ಹೇಳಿದ್ದರು.

"ಅಳಬಾರದು ಅಂತ ಡಾಕ್ಟರು ಬಾಯಿಬಿಟ್ಟು ಹೇಳಿಲ್ಲ," ಅಂದಿದ್ದರು ಗಡಿಯಾರದವರು. "ಆದರೆ ನಾನು ಹಾಗೇ ಅರ್ಥ ಮಾಡ್ಕೊಂಡಿದೀನಿ. ಭಾನುವಾರ ಕಣ್ಣು ತೋರಿಸಿಕೊಂಡು ಬಂದ ಮೇಲೆ, ಅವರ ಎದುರು ಕೂತು ನಾನೇ ಹೇಳ್ತೀನಿ. ಇನ್ನೊಬ್ಬರ ಬಾಯಿಂದ ಅವರಿಗೆ ಹೋಗಬಾರದು. ಅದೊಂದು ನಡೆಸಿಕೊಡಿ."

ಗಿಣಿ ಮಾತು ಕೊಟ್ಟಿದ್ದಳು. ಗಂಡಿನ ಸುದ್ದಿ ತನ್ನ ತಾಯಿಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ ಅಂತ.

ಹಾಗಾದರೆ ಭಾನುವಾರದವರೆಗೆ ಸುಮ್ಮನಿರಬಹುದಿತ್ತಲ್ಲ ಅಂದರೆ, ಚಿಕ್ಕಮ್ಮ ಬಿಡಬೇಕಲ್ಲ. ಗಿಣಿಗೆ ಒಂದು ಗಂಡು ಗೊತ್ತುಮಾಡಿ ಮುಗಿಸುವುದನ್ನು ಚಿಕ್ಕಮ್ಮ ತನ್ನ ಜೀವಮಾನದ ಕೆಲಸವಾಗಿ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಶನಿವಾರ ಸಂಜೆ ಐದಕ್ಕೆ ಯಾರೋ ಬ್ಯಾಂಕಿನವರು ನೋಡಲು ಬರುವುದು ಖಾತ್ರಿಯಾಗಿತ್ತು. ಚಿಕ್ಕಮ್ಮನೊಬ್ಬಳಿಗೇ ಹೇಳಿ ತಡೆಯೋಣವೆಂದರೆ ಮೊದಲ ಪ್ರಶ್ನೆಯೇ "ಯಾರು?" ಒಬ್ಬರಿಗೆ ಅರ್ಧ ಸುದ್ದಿ ಹೇಳಿದರೆ ಉಳಿದರ್ಧಕ್ಕೆ ಜಗಳ ಬರುತ್ತದೆ. ಇನ್ನೂರು ಜನಕ್ಕೆ ಒಟ್ಟಿಗೆ ಅರ್ಧ ಹೇಳಿದರೆ ಈಗಿನವರ ಶೈಲಿಯೇ ಹೀಗೆ ಅಂದುಕೊಂಡು ಸುಮ್ಮನಾಗುತ್ತಾರೆ. ಇದರ ಮೇಲೆ ಇನ್ನೊಂದು ಕುತ್ತು. ಆ ಮುದುಕಮ್ಮನ ಮನೆ ಇದ್ದದ್ದು ಚಿಕ್ಕಮ್ಮನ ಕಟ್ಟಡದಲ್ಲೇ, ಸರಿಯಾಗಿ ಒಂದು ಮಹಡಿ ಮೇಲೆ. ಚಿಕ್ಕಮ್ಮನಿಗೆ ತಿಳಿದದ್ದು ಮೆಟ್ಟಿಲು ಹತ್ತಲು ಹತ್ತು ನಿಮಿಷ ಸಾಕು.

ಮಧ್ಯಾಹ್ನದ ಊಟದ ಹೊತ್ತಿಗೆ ಗಿಣಿ ಸ್ಟುಡಿಯೋದ ಹಿಂದಿನ ಮೆಟ್ಟಿಲ ಮೇಲೆ ಕೂತು ಬರೆಯತೊಡಗಿದಳು.

"ಕೊನೆಗೂ ನನಗೆ" ಅಂತ ಶುರುವಾಯಿತು. ಕೊನೆಗೂ ಅಂದರೆ ಏನು? ಇಷ್ಟು ವರ್ಷ ನಾನೇನು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆನಾ? ಅದನ್ನು ಹೊಡೆದುಹಾಕಿದಳು. "ಎರಡೂ ಕಡೆಯ ಹಿರಿಯರ ಆಶೀರ್ವಾದದೊಂದಿಗೆ" ಅಂದಳು. ಅದು ಸುಳ್ಳು. ಒಬ್ಬ ಹಿರಿಯರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಏನೂ ತಿಳಿಯದೆ ಮಲಗಿದ್ದಾರೆ. ಹೊಡೆದುಹಾಕಿದಳು. "ಹೊಸ ಬಾಳಿಗೆ ಹೆಜ್ಜೆ" ಅನ್ನುವುದು ಬಟ್ಟೆಯಂಗಡಿಯ ಜಾಹೀರಾತಿನ ಹಾಗಿತ್ತು. "ನಾವು ಮೂವರು" ಅಂತ ಬರೆದಾಗ ಮಾತ್ರ ಬೆರಳು ಬಹಳ ಹೊತ್ತು ನಿಂತಿತು. ಇದ್ದದ್ದರಲ್ಲೆಲ್ಲ ನಿಜವಾದ ಮಾತು ಅದೊಂದೇ. ಆದರೆ ಮೂವರು ಅಂದರೆ ಮಗು, ಮಗು ಅಂದರೆ ಎರಡನೇ ಮದುವೆ. ಎರಡನೇ ಮದುವೆಯ ಗಂಡು ಅಂದರೆ ಚಿಕ್ಕಮ್ಮ ಊರನ್ನೆಲ್ಲ ಬೆರಳಲ್ಲಿ ಎಣಿಸಿ ಸಂಜೆಯೊಳಗೆ ಬಾಗಿಲು ತಟ್ಟುತ್ತಾಳೆ. ಅದನ್ನೂ ಅಳಿಸಿದಳು. ಅಳಿಸುವಾಗ, ಆ ಹುಡುಗಿಯ ಮುಂದಿನಿಂದ ಊಟದ ತಟ್ಟೆ ಎತ್ತಿಕೊಂಡ ಹಾಗಾಯಿತು.

ಉಳಿದದ್ದು ಇಷ್ಟು:

"ಒಂದು ಸಂತೋಷದ ಸುದ್ದಿ. ನನ್ನ ಮದುವೆ ನಿಶ್ಚಯವಾಗಿದೆ. ಬಹಳ ದಿನ ಯೋಚಿಸಿದೆವು, ಒಪ್ಪಿಕೊಂಡದ್ದು ಮಾತ್ರ ಒಂದೇ ಗಳಿಗೆಯಲ್ಲಿ. ಯಾರು, ಎಲ್ಲಿ, ಯಾವಾಗ ಅನ್ನುವುದನ್ನು ಇಬ್ಬರೂ ನಿಮ್ಮ ಮನೆಗೇ ಬಂದು, ಎದುರು ಕೂತು ಹೇಳುತ್ತೇವೆ. ಅಲ್ಲಿಯವರೆಗೆ ಏನೂ ಕೇಳದೆ ಹರಸಿ."

ಮೂರು ಸಲ ಬಾಯಿಬಿಟ್ಟು ಓದಿದಳು. ಎಲ್ಲೂ ನಾಲಗೆ ತಡವರಿಸಲಿಲ್ಲ. ಆಗಲಿ ಅಂದುಕೊಂಡಳು.

ಇನ್ನು ಫೋಟೋ. ಅದನ್ನು ತೆಗೆದವಳು ಆ ಎಂಟು ವರ್ಷದವಳೇ, ಹಿಂದಿನ ದಿನ ಅಂಗಡಿಯಲ್ಲಿ, ಹೊಸ ಉಂಗುರ ಹಾಕಿಕೊಂಡ ಗಳಿಗೆಯಲ್ಲಿ. ರಿಪೇರಿಯ ಮೇಜಿನ ಮೇಲೆ ಇಬ್ಬರ ಕೈ ಒಂದರ ಮೇಲೊಂದು. ಹಿಂದೆ ಗಾಜಿನ ಕಪಾಟು, ಅದರ ತುಂಬ ಗಡಿಯಾರಗಳು. ಗಿಣಿ ಚಿತ್ರದ ಅಂಚನ್ನು ಕತ್ತರಿಸುತ್ತ ಕತ್ತರಿಸುತ್ತ ಕೈಗಳೆರಡನ್ನೇ ಉಳಿಸಿದಳು. ಮೇಜೂ ಬರೀ ಮಸುಕು ಕಂದು ಆಯಿತು. ಫೋಟೋ ಎಲ್ಲಿಯದು ಅನ್ನುವ ಜಾಗದ ಗುರುತನ್ನು ತೆಗೆದಳು. ಯಾರ ಹೆಸರನ್ನೂ ಜೋಡಿಸಲಿಲ್ಲ. ಪರಿಚಯದವರು ಮಾತ್ರ ನೋಡುವಂತೆ ಇಟ್ಟಳು. ಗಡಿಯಾರದವರಿಗೆ ಮೊದಲೇ ಹೇಳಿದ್ದಳು, "ಅಭಿನಂದನೆ ಅಂತಲೂ ಬರೀಬೇಡಿ, ಹೃದಯದ ಗುರುತೂ ಒತ್ತಬೇಡಿ." ಅವರು, "ಹಾಗಾದರೆ ನನ್ನ ಮದುವೆಗೆ ನನಗೇ ಸಂತೋಷ ಇಲ್ಲ ಅಂತ ಜನ ತಿಳ್ಕೊಳ್ಳಲ್ವಾ?" ಅಂತ ನಕ್ಕಿದ್ದರು.

ಫೋಟೋ ಹಾಕುವ ಮುಂಚೆ ಇನ್ನೊಂದು ಘಟ್ಟ. ಹಿರಿಯರು ಇಂಥ ಸುದ್ದಿಯನ್ನು ಪರದೆ ಮೇಲೆ ಓದಿ ತಿಳಿಯಬಾರದು, ಫೋನಿನಲ್ಲಿ ಕೇಳಿ ತಿಳಿಯಬೇಕು. ತಾಯಿ ವಯಸ್ಸಿನ ಕ್ರಮದಲ್ಲಿ ಪಟ್ಟಿ ಬರೆದುಕೊಟ್ಟಿದ್ದಳು, ಏಳು ಜನ. ತಪ್ಪಿ ಕಿರಿಯವರಿಗೆ ಮೊದಲು ಮಾಡಿದರೆ ಮದುವೆ ಮುಗಿದು ಮಕ್ಕಳಾದರೂ ಆ ಮಾತು ಮುಗಿಯುವುದಿಲ್ಲ. ಗಿಣಿ ಒಂದೇ ವಾಕ್ಯವನ್ನು ಏಳು ಸಲ ಹೇಳಿದಳು. ಪಟ್ಟಿಯ ಮೊದಲಲ್ಲಿದ್ದವರು ಸೋದರತ್ತೆ, ತಂದೆಯ ಅಕ್ಕ.

ನಲವತ್ತೆರಡಕ್ಕೆ ಕಣ್ಣು ಕಳೆದುಕೊಂಡವರು ಅತ್ತೆ. ಗಿಣಿಗೆ ಓದುವುದನ್ನು ಕಲಿಸಿದ್ದು ಶಾಲೆಯೇ ಇರಬಹುದು, ಕೇಳುವವರಿಗಾಗಿ ಓದುವುದನ್ನು ಕಲಿಸಿದ್ದು ಅತ್ತೆ. ಚಿಕ್ಕಂದಿನಲ್ಲಿ ಅತ್ತೆಯ ಪಕ್ಕ ಕೂತು ಪದ್ಯ ಓದುವಾಗ ಸಾಲಿನ ಕೊನೆಯಲ್ಲಿ ಓಡಿಬಿಟ್ಟರೆ ತೊಡೆಯ ಮೇಲೊಂದು ಮೆಲ್ಲನೆಯ ಏಟು ಬೀಳುತ್ತಿತ್ತು. "ನಿಲ್ಲು. ಅಲ್ಲೇ ಇರೋದು ರಸ. ಸುಮ್ಮನಿರೋ ಜಾಗವನ್ನೂ ಓದಬೇಕು ಮಗಾ."

ಅಂಥವರಿಗೂ ಅದೇ ಒಂದು ವಾಕ್ಯ ಹೇಳಬೇಕಾಯಿತು. ಅತ್ತೆ, "ಸರಿ ಮಗಾ. ಒಳ್ಳೇದಾಗ್ಲಿ," ಅಂದು ಫೋನಿಟ್ಟರು. ಯಾರು ಅಂತ ಕೇಳಲೇ ಇಲ್ಲ. ಕೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಅದೇ ಮನಸ್ಸಿನಲ್ಲಿ ಗಿಣಿ ಫೋಟೋ ಹಾಕಿದಳು. ಮೂರು ಗಂಟೆಗೆ ಮತ್ತೆ ಮೈಕಿನ ಮುಂದೆ ಕೂತು ಹೂವಿನ ಭಾಗಗಳ ಚಿತ್ರ ಬಿಡಿಸತೊಡಗಿದಳು.

ನಾಲ್ಕೂವರೆಗೆ ಹೊರಗೆ ಬಂದು ನೋಡಿದರೆ ನೂರಾ ಹತ್ತು ಹಾರೈಕೆ. "ಕೈ ನೋಡಿದ್ವಿ, ತಲೆ ಯಾವಾಗ ತೋರಿಸ್ತೀಯ?" ಅಂತ ಒಬ್ಬ ದಾಯಾದಿ ಅಣ್ಣ. "ಕೈ ನೋಡಿದ್ರೇ ಗೊತ್ತಾಗತ್ತೆ, ಗಂಡು ಸ್ವಭಾವದಲ್ಲಿ ಸಾಧು," ಅಂತ ಇನ್ನೊಬ್ಬಳು. ಬ್ಯಾಂಕಿನವರಿಗೆ ಬರಬೇಡಿ ಅಂದದ್ದಾಯಿತು ಅಂತ ತಾಯಿಯ ಸಂದೇಶವೂ ಇತ್ತು. ಎಲ್ಲವೂ ಅಂದುಕೊಂಡ ಹಾಗೇ ನಡೆದಿತ್ತು. ಗಿಣಿ ಉಸಿರು ಬಿಟ್ಟಳು.

ಆಗ ಅತ್ತೆಯ ಫೋನು ಬಂತು.

"ಮಗಾ, ಬಲಗೈ ಹೆಬ್ಬೆರಳಿನ ಗೆಣ್ಣಿನ ಮೇಲೆ ಹಳೇ ಸುಟ್ಟ ಗಾಯದ ಗುರುತಿದೆಯಂತೆ," ಅಂದರು ಅತ್ತೆ, ಬಹಳ ಮೆಲ್ಲಗೆ. "ನನ್ನ ಕೈಗಡಿಯಾರ ಸರಿಮಾಡಿ, ಮುಚ್ಚಳ ತೆಗೆದು ಮುಳ್ಳು ಮುಟ್ಟಿಸಿದ ಕೈ ಅಲ್ವಾ ಅದು? ಆ ಗೆಣ್ಣು ನನ್ನ ಬೆರಳಿಗೆ ಗೊತ್ತು. ನಂಗೆ ಬಹಳ ಸಂತೋಷ ಆಯ್ತು."

ಗಿಣಿಗೆ ತಟ್ಟನೆ ಹೊಳೆಯಿತು, ಇದು ತಾನೇ ಬರೆದದ್ದು.

ಫೋಟೋಗೆ ಇಬ್ಬಗೆಯ ಬರಹ ಉಂಟು. ಒಂದು ಎಲ್ಲರಿಗೂ ಕಾಣುವ ನಾಲ್ಕು ಸಾಲು. ಇನ್ನೊಂದು ಹಿಂದೆ ಅಡಗಿರುವ ಚಿತ್ರ ವಿವರಣೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದವರ ಫೋನು ಮಾತ್ರ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಗಿಣಿ ವಿವರಣೆಯಿಲ್ಲದ ಚಿತ್ರವನ್ನು ಹನ್ನೊಂದು ವರ್ಷದಲ್ಲಿ ಒಂದನ್ನೂ ಹೊರಗೆ ಬಿಟ್ಟವಳಲ್ಲ. ಆವತ್ತೂ ಬಿಟ್ಟಿರಲಿಲ್ಲ. ನಾಲ್ಕು ಸಾಲಿಗೆ ಒಂದು ಗಂಟೆ ತೂಗಿ ಅಳೆದವಳು, ಈ ಇನ್ನೊಂದನ್ನು ಎರಡು ನಿಮಿಷದಲ್ಲಿ ಬೆರಳ ಅಭ್ಯಾಸಕ್ಕೆ ಬಿಟ್ಟಿದ್ದಳು. ಈಗ ತೆರೆದು ನೋಡಿದಳು.

"ಎಡಗಡೆ ಹೆಣ್ಣಿನ ಕೈ, ಉಂಗುರದ ಬೆರಳಲ್ಲಿ ಸಣ್ಣ ಉಂಗುರ. ಅದರ ಮೇಲೆ ಗಂಡಸಿನ ಬಲಗೈ, ಹೆಬ್ಬೆರಳ ಗೆಣ್ಣಿನ ಮೇಲೆ ಹಳೆಯ ಸುಟ್ಟ ಗುರುತು. ಕೆಳಗೆ ಗಡಿಯಾರ ರಿಪೇರಿಯ ಮೇಜು. ಚಿತ್ರ ಕೊಂಚ ವಾರೆಯಾಗಿದೆ, ತೆಗೆದವಳು ಅವರ ಎಂಟು ವರ್ಷದ ಮಗಳು."

ಕಂಡದ್ದನ್ನು ಬಿಟ್ಟಿರಲಿಲ್ಲ. ಮೇಜು ಬರೀ ಮಸುಕಾಗಿತ್ತಲ್ಲ, ಮಗಳಂತೂ ಚಿತ್ರದಲ್ಲೇ ಇರಲಿಲ್ಲವಲ್ಲ, ಕಾಣದ್ದನ್ನೂ ಸೇರಿಸಿದ್ದಳು. ಇದು ಅಭ್ಯಾಸವೇ ಆಗಿದ್ದರೆ ಕಾಣದ ಮಗಳು ಅಲ್ಲಿಗೆ ಹೇಗೆ ಬಂದಳು? ಎಲ್ಲರಿಗೂ ಕಾಣುವ ಸಾಲಿನಿಂದ ಅಳಿಸಿದ ಮೂರನೆಯವಳನ್ನು ಹಿಂಬಾಗಿಲಿಂದ ಕರೆತಂದದ್ದು ಯಾರು? ಅತ್ತೆಯೊಬ್ಬರಿಗಾದರೂ ಪೂರ್ತಿ ತಿಳಿಯಲಿ ಅಂತ ಒಳಗೆ ಯಾವುದೋ ಮನಸ್ಸು ಹಟ ಹಿಡಿದಿತ್ತೇನೋ. ಮೆಟ್ಟಿಲ ಮೇಲೆ ನಿಂತಲ್ಲೇ ಅದನ್ನು ಅಳಿಸಿ, "ಒಂದರ ಮೇಲೊಂದು ಇಟ್ಟ ಎರಡು ಕೈಗಳು" ಅಂತ ಬರೆದು ಉಳಿಸಿದಳು. ಇದನ್ನು ಕೇಳಿಸಿಕೊಳ್ಳುವಂಥವರು ಅವಳ ಪರಿಚಯದಲ್ಲಿ ಮೂವರೇ. ಉಳಿದಿಬ್ಬರು ಅವಳ ಧ್ವನಿಯಲ್ಲೇ ಪಾಠ ಕೇಳಿ ಬೆಳೆದು, ಈಗ ಬೇರೆ ಊರಿನಲ್ಲಿರುವವರು. ಅವರಿಗೆ ಗಡಿಯಾರದವರ ಗಂಧಗಾಳಿಯೂ ಇಲ್ಲ.

"ಅತ್ತೆ, ಇದು ಭಾನುವಾರದವರೆಗೆ ಯಾರಿಗೂ ಗೊತ್ತಾಗಬಾರದು," ಅಂದಳು, ಇನ್ನೂ ಫೋನಿನಲ್ಲೇ ಇದ್ದ ಅತ್ತೆಗೆ. ಮುದುಕಮ್ಮನ ಕಣ್ಣು, ಡಾಕ್ಟರ ಮಾತು, ಕೊಟ್ಟ ಮಾತು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. "ನೀವು ಒಬ್ಬರೇ ಇದೀರಾ?"

"ಇಲ್ಲ ಮಗಾ. ನಿನ್ನ ಚಿಕ್ಕಮ್ಮ ಬಂದಿದಾಳೆ," ಅಂದರು ಅತ್ತೆ. "ನಾನು ಬಾಲ್ಕನಿಗೆ ಬಂದು ಮಾತಾಡ್ತಿದೀನಿ. ಫೋನು ಓದಿದಾಗ ಅವಳೂ ಪಕ್ಕದಲ್ಲೇ ಇದ್ಲು."

ಗಿಣಿ ಆಟೋ ಹಿಡಿದಳು.

ಅತ್ತೆಯ ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ಬೆನ್ನು ನೆಟ್ಟಗಿಟ್ಟು ತಮ್ಮ ಕುರ್ಚಿಯಲ್ಲಿ, ಫೋನು ತೊಡೆಯ ಮೇಲೆ, ಹೆಬ್ಬೆರಳು ಅದರ ಅಂಚಿನಲ್ಲಿ. ಎದುರಿಗೆ ಬೆತ್ತದ ಮೋಡಾದ ಮೇಲೆ ಚಿಕ್ಕಮ್ಮ. ವಾರಕ್ಕೆರಡು ದಿನ ಬಂದು ಅತ್ತೆಗೆ ಬಂದ ಕಾಗದ ಪತ್ರ ಓದಿಹೇಳುವವಳು ಅವಳೇ. ಗುರುವಾರದ ಸಂಜೆ ಕಾವ್ಯವಾಚನ ಕೇಳಲು ಕೈಹಿಡಿದು ಕರೆದೊಯ್ಯುವವಳೂ ಅವಳೇ.

"ಬಾರಮ್ಮ ಬಾ, ಮುಚ್ಚುಮರೆ ಮದುಮಗಳು," ಅಂದಳು ಚಿಕ್ಕಮ್ಮ. "ನಮಗೆಲ್ಲ ಎರಡು ಕೈ, ಅತ್ತೆಗೆ ಮಾತ್ರ ಪೂರಾ ಪುರಾಣ. ಅವರ ಫೋನು ಗುಬ್ಬಿ ಕಚಪಚ ಅಂದ ಹಾಗೆ ಏನೇನೋ ಒದರ್ತು."

ಅತ್ತೆಯ ಫೋನಿನ ವೇಗವೇ ಹಾಗೆ. ವರ್ಷಗಳ ರೂಢಿಯಿಂದ ಅವರು ಅದನ್ನು ಮಾಮೂಲಿಗಿಂತ ಮೂರು ಪಟ್ಟು ಜೋರಾಗಿ ಓಡಿಸುತ್ತಿದ್ದರು. ಅವರ ಕಿವಿಗೆ ಅದು ಸಲೀಸು, ಬೇರೆಯವರಿಗೆ ಬರೀ ಗದ್ದಲ. ಪರದೆಯನ್ನೂ ಕಪ್ಪು ಮಾಡಿಟ್ಟಿರುತ್ತಿದ್ದರು, ತಮಗೆ ಬೇಡದ ಬೆಳಕಿಗೆ ಬ್ಯಾಟರಿ ಯಾಕೆ ಅಂತ. ಹಾಗಾಗಿ ಚಿಕ್ಕಮ್ಮ ಕಣ್ಣಿದ್ದೂ ಓದಲಾಗದೆ, ಕಿವಿಯಿದ್ದೂ ತಿಳಿಯಲಾಗದೆ ಕೂತಿದ್ದಳು.

"ಆದ್ರೂ ನಂಗೆ ಎರಡು ಮಾತು ಸಿಕ್ತು," ಅಂದಳು ಬೆರಳು ಮಡಿಸುತ್ತ. "ಒಂದು ಗಡಿಯಾರ. ಇನ್ನೊಂದು ಎಂಟು ವರ್ಷ. ಏನೇ ಗಿಣಿ, ಎಂಟು ವರ್ಷದಿಂದ ಪರಿಚಯವಾ? ಅಷ್ಟು ವರ್ಷ ನನ್ನ ಕೈಲಿ ಗಂಡು ಹುಡುಕಿಸಿದ್ಯಾ?"

"ಇಲ್ಲ ಚಿಕ್ಕಮ್ಮ."

"ಮತ್ತೆ ಗಡಿಯಾರ ಏನು? ಗಡಿಯಾರದ ವ್ಯಾಪಾರದವರಾ? ಹಾಗಿದ್ರೆ ಹೇಳು, ನಮ್ಮ ಮೇಲಿನ ಮನೆಯಮ್ಮನ ಅಳಿಯನೂ ಅದೇ ಕಸುಬಿನವನು. ಪಾಪ, ಅವನಿಗೆ ಊರಿನ ಗಡಿಯಾರದವರೆಲ್ಲ ಗೊತ್ತು. ಮುದುಕಮ್ಮನ ಹತ್ರ ಈಗ ಹೋಗಿ ಒಂದು ಮಾತು ಕೇಳಿದ್ರೆ, ಗಂಡಿನ ಜಾತಕ ಎಲ್ಲ ತರಿಸಿಕೊಡ್ತಾರೆ."

ಆ ಮಾತಿನಲ್ಲಿ ಕೆಟ್ಟತನ ಏನೂ ಇರಲಿಲ್ಲ. ಚಿಕ್ಕಮ್ಮನ ಕಣ್ಣಲ್ಲಿ ಇದ್ದದ್ದು ಆಸೆ, ತನ್ನನ್ನು ಹೊರಗೆ ನಿಲ್ಲಿಸಿದರಲ್ಲ ಅನ್ನುವ ನೋವು. ಅದಕ್ಕೇ ಸಿಟ್ಟು ಮಾಡಲೂ ಆಗುತ್ತಿರಲಿಲ್ಲ. ತಾನು ತನ್ನ ಫೋನಿನಿಂದ ಅಳಿಸಿದ್ದರೇನು, ಅತ್ತೆಯ ಫೋನು ಆ ಪುಟವನ್ನು ಮತ್ತೆ ತರಿಸಿಕೊಂಡಿರದಿದ್ದರೆ ಹಳೆಯ ವಿವರಣೆಯೇ ಅಲ್ಲಿ ಕೂತಿರುತ್ತದೆ. ಹೆಬ್ಬೆರಳು ಒಂದು ಸಲ ಸವರಿದರೆ ಸಾಕು, ಎಲ್ಲ ಹೊರಗೆ. ಚಿಕ್ಕಮ್ಮನ ಎದುರಿಗೆ ಅತ್ತೆಗೆ ಒಂದು ಸನ್ನೆ ಮಾಡಲೂ ದಾರಿಯಿರಲಿಲ್ಲ. ಸನ್ನೆ ಅತ್ತೆಗೆ ಕಾಣಬೇಕಲ್ಲ.

"ಗಡಿಯಾರದ ವಿಷಯ ಯಾರನ್ನೂ ಕೇಳಬೇಡಿ ಚಿಕ್ಕಮ್ಮ," ಅಂದಳು. "ನಾವೇ ಬರ್ತೀವಿ. ಸೋಮವಾರ ಮೊದಲು ನಿಮ್ಮ ಮನೆಗೇ ಬರ್ತೀವಿ."

"ಸೋಮವಾರ," ಅಂದಳು ಚಿಕ್ಕಮ್ಮ. "ಅಂದ್ರೆ ಇವತ್ತು ನಾನು ಪರಕೀಯಳು." ಅತ್ತೆಯ ಕಡೆ ತಿರುಗಿದಳು. ದನಿ ಮೆತ್ತಗಾಯಿತು. "ಅತ್ತಿಗೆ, ನಿಮ್ಮನ್ನ ನಾನು ಇಷ್ಟು ವರ್ಷದಲ್ಲಿ ಏನಾದ್ರೂ ಕೇಳಿದೀನಾ?"

"ಇಲ್ಲಮ್ಮ. ಮಾಡಿದ್ದೇ ಹೆಚ್ಚು, ಕೇಳಿದ್ದಿಲ್ಲ," ಅಂದರು ಅತ್ತೆ.

"ನಿಮ್ಮ ಕಾಗದ ಓದಿದೀನಿ. ಸಹಿ ಮಾಡೋ ಜಾಗಕ್ಕೆ ಬೆರಳು ಹಿಡಿದು ಇಟ್ಟಿದೀನಿ. ಗುರುವಾರ ಬಂತು ಅಂದ್ರೆ ನನ್ನ ಕೆಲಸ ಬಿಟ್ಟು ಬರ್ತೀನಿ, ನನಗೆ ಆ ಕಾವ್ಯದ ತಲೆಬುಡ ತಿಳೀದೇ ಇದ್ರೂ ನಿಮ್ಮ ಪಕ್ಕ ಎರಡು ಗಂಟೆ ಕೂತಿರ್ತೀನಿ."

"ಕೂತಿರ್ತೀಯ. ನಿದ್ದೆನೂ ಮಾಡ್ತೀಯ. ನಿನ್ನ ಗೊರಕೆ ತಾಳಕ್ಕೆ ಸರಿಯಾಗೇ ಇರತ್ತೆ," ಅಂದರು ಅತ್ತೆ. ಮೂವರಿಗೂ ನಗು ಬಂತು, ಆದರೆ ಯಾರ ನಗುವೂ ಪೂರ್ತಿಯಾಗಲಿಲ್ಲ.

"ತಮಾಷೆ ಬೇಡ ಅತ್ತಿಗೆ. ನೀವು ಬಾಯಿಬಿಟ್ಟು ಹೇಳೋದೇನೂ ಬೇಡ. ಮಾತು ತಪ್ಪಿದ ಹಾಗೂ ಆಗಲ್ಲ. ಆ ಫೋನನ್ನ ಇನ್ನೊಂದ್ಸಲ ಮಾತಾಡಿಸಿ, ಮಾಮೂಲಿ ವೇಗದಲ್ಲಿ. ಅದು ಹೇಳತ್ತೆ, ನಾನು ಕೇಳ್ತೀನಿ, ಅಷ್ಟೇ."

ಅತ್ತೆ ಸುಮ್ಮನಿದ್ದರು. ಗಿಣಿ ಅವರ ಹೆಬ್ಬೆರಳನ್ನೇ ನೋಡುತ್ತ ನಿಂತಳು. ಆ ಸುಮ್ಮನಿರುವಿಕೆಯಲ್ಲಿ ಏನೇನು ಓಡುತ್ತಿದೆ ಅನ್ನುವುದು ಅವಳಿಗೆ ತಿಳಿಯುತ್ತಿತ್ತು. ನಾಳಿದ್ದು ಗುರುವಾರ. ಓದದೆ ಉಳಿದ ಲಕೋಟೆಗಳು ಆಗಲೇ ಮೇಜಿನ ಮೇಲಿದ್ದವು.

"ಆಗಲ್ಲ ಅಂದ್ರೆ ಅದನ್ನೂ ಹೇಳಿಬಿಡಿ," ಅಂದಳು ಚಿಕ್ಕಮ್ಮ, ಮೋಡಾದಿಂದ ಎದ್ದು, ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತ. "ನನ್ನ ಜಾಗ ಎಲ್ಲಿ ಅಂತ ನಂಗೂ ಗೊತ್ತಾಗ್ಲಿ. ಒಂದೇ ಒಂದ್ಸಲ, ನಿಧಾನಕ್ಕೆ ಹಾಕಿ ಅತ್ತಿಗೆ."

"ಹಾಕಲ್ಲ," ಅಂದರು ಅತ್ತೆ.